ನಾಲ್ಕು ಗಾಳಿಯಂತ್ರ, ಒಂದು ಮೆಗಾವ್ಯಾಟ್: ವರ್ಷಕ್ಕೆ ನಿಜವಾಗಿ ಎಷ್ಟು ಯೂನಿಟ್ ಸಿಗುತ್ತದೆ?

ಉದ್ಯಮಬಾಗ್ ಲೆಕ್ಕದವ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗಿನಲ್ಲಿ ನಮ್ಮ ಮಾವನವರದ್ದು ಒಂದು ಫೌಂಡ್ರಿ ಇದೆ. ಅದರ ಲೆಕ್ಕಪತ್ರ ನಾನು ನೋಡುತ್ತೇನೆ. ಕಬ್ಬಿಣ ಕರಗಿಸುವುದು ಕರೆಂಟಿನ ಕುಲುಮೆಯಲ್ಲಿ, ಹಾಗಾಗಿ ತಿಂಗಳಿಗೆ ಎರಡೂವರೆ ಲಕ್ಷ ಯೂನಿಟ್ ಬೇಕೇ ಬೇಕು. ವರ್ಷಕ್ಕೆ 30 ಲಕ್ಷ.

ಈಗ ಒಬ್ಬರು ಸವದತ್ತಿ ಕಡೆ ಗುಡ್ಡದ ಮೇಲಿರುವ ನಾಲ್ಕು ಹಳೆಯ ಗಾಳಿಯಂತ್ರ ಮಾರುತ್ತೇವೆ ಎಂದು ಬಂದಿದ್ದಾರೆ. ಒಂದೊಂದೂ 250 ಕಿಲೋವ್ಯಾಟ್, ಒಟ್ಟು ಒಂದು ಮೆಗಾವ್ಯಾಟ್. ಅಲ್ಲಿ ತಯಾರಾದ ಕರೆಂಟನ್ನು ಹೆಸ್ಕಾಂ ಲೈನಿನ ಮೂಲಕ ನಮ್ಮ ಫೌಂಡ್ರಿಯ ಬಿಲ್ಲಿಗೆ ಹೊಂದಿಸಿಕೊಳ್ಳಬಹುದು ಎನ್ನುತ್ತಾರೆ. ಅವರು ಕೊಟ್ಟ ಹಾಳೆಯಲ್ಲಿ ಬರೆದಿರುವ ಲೆಕ್ಕ ಇಷ್ಟೇ:

```
1000 kW × 24 × 365 = 87,60,000 ಯೂನಿಟ್
```

"ನಿಮಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಹತ್ತಿರ ಬರುತ್ತದೆ" ಎಂದರು. ನಂಬಿಕೆ ಬರಲಿ ಎಂದು ಹಿಂದಿನ ಒಂದು ವರ್ಷದ ಜುಲೈ ತಿಂಗಳ ಮೀಟರ್ ರೀಡಿಂಗ್ ಕೂಡ ತೋರಿಸಿದರು. ಅದರಲ್ಲಿ 3.70 ಲಕ್ಷ ಯೂನಿಟ್ ಇದೆ. ನಾನು ಅದನ್ನು 12ರಿಂದ ಗುಣಿಸಿದೆ, 44.4 ಲಕ್ಷ ಬಂತು. ಅವರ ಹಾಳೆಯ ಅರ್ಧ. ಎರಡೂ ಲೆಕ್ಕ ಅವರದ್ದೇ, ಆದರೆ ಒಂದಕ್ಕೊಂದು ತಾಳೆ ಆಗುತ್ತಿಲ್ಲ. ಮಾವ ಮನೆಯ ಕಾಗದಪತ್ರ ಇಟ್ಟು ಸಾಲ ತೆಗೆಯುವ ಯೋಚನೆಯಲ್ಲಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ, ಯಾವುದನ್ನು ನಂಬಲಿ?

ಖಾನಾಪುರದ ಹುಡುಗ

ಎರಡನ್ನೂ ನಂಬಬೇಡಿ ಅಣ್ಣಾ. 87.6 ಲಕ್ಷ ಅನ್ನುವುದು ವರ್ಷಪೂರ್ತಿ ಒಂದು ನಿಮಿಷವೂ ಬಿಡದೆ ಪೂರ್ತಿ ಜೋರಿನಲ್ಲಿ ಓಡಿದರೆ ಸಿಗುವ ಅಂಕಿ. ಯಾವ ಗಾಳಿಯಂತ್ರವೂ ಹಾಗೆ ಓಡುವುದಿಲ್ಲ. ಇದಕ್ಕೆ ಪಿಎಲ್‌ಎಫ್ ಅಂತ ಒಂದು ಶೇಕಡಾ ಲೆಕ್ಕ ಇದೆ, ಕೆಲವರು ಕೆಪ್ಯಾಸಿಟಿ ಫ್ಯಾಕ್ಟರ್ ಎನ್ನುತ್ತಾರೆ. ನಮ್ಮ ಕಡೆ ಸುಮಾರು 25 ಅಂತ ಹಿಡಿಯುತ್ತಾರೆ. 87.6ರ ಕಾಲುಭಾಗ ಅಂದರೆ 21.9 ಲಕ್ಷ.

ಅಂದರೆ ಯಂತ್ರ ದಿನಕ್ಕೆ ಆರು ಗಂಟೆ ಓಡುತ್ತದೆ, ಉಳಿದ ಹದಿನೆಂಟು ಗಂಟೆ ನಿಂತಿರುತ್ತದೆ. ನಿಮ್ಮ ಫೌಂಡ್ರಿ ಪಾಳಿಯನ್ನು ಆ ಆರು ಗಂಟೆಗೆ ಹೊಂದಿಸಿಕೊಂಡರೆ ಕೆಲಸ ಆಗುತ್ತದೆ.

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ತಮ್ಮಾ, ಗುಣಾಕಾರ ಸರಿ ಮಾಡಿದ್ದೀರಿ, ಆದರೆ ಆರು ಗಂಟೆಯ ಮಾತು ಸರಿಯಲ್ಲ. ನಾನು ಈ ಗುಡ್ಡದ ಸಾಲಿನಲ್ಲೇ 19 ವರ್ಷ ಇಂಥ ಯಂತ್ರಗಳ ರಿಪೇರಿ, ದೇಖರೇಖಿ ಮಾಡಿದವನು. ನಾವು ನೋಡಿಕೊಳ್ಳುತ್ತಿದ್ದ ಯಂತ್ರಗಳ ಗಂಟೆ ಕೌಂಟರಿನಲ್ಲಿ ವರ್ಷಕ್ಕೆ ಆರು ಸಾವಿರಕ್ಕಿಂತ ಜಾಸ್ತಿ ಗಂಟೆ ದಾಖಲಾಗುತ್ತಿತ್ತು. ವರ್ಷಕ್ಕೆ ಇರುವುದೇ 8760 ಗಂಟೆ. ಅಂದರೆ ಹೆಚ್ಚಿನ ಹೊತ್ತು ರೆಕ್ಕೆ ತಿರುಗುತ್ತಲೇ ಇರುತ್ತದೆ. ಆದರೂ ಪಿಎಲ್‌ಎಫ್ 20-21 ಬರುತ್ತಿತ್ತು.

ಯಾಕೆ ಅಂದರೆ, ತಿರುಗುವುದು ಬೇರೆ, 250 ಕಿಲೋವ್ಯಾಟ್ ಕೊಡುವುದು ಬೇರೆ. ಆ ಯಂತ್ರ ಸೆಕೆಂಡಿಗೆ ಮೂರೂವರೆ, ನಾಲ್ಕು ಮೀಟರ್ ಗಾಳಿಗೆ ಲೈನಿಗೆ ಸೇರಿಕೊಳ್ಳುತ್ತದೆ. ಆಗ ಕೊಡುವುದು ಐದಾರು ಕಿಲೋವ್ಯಾಟ್. ಆರು ಮೀಟರ್ ಗಾಳಿಗೆ 30ರ ಆಸುಪಾಸು. ಎಂಟು ಮೀಟರ್ ಗಾಳಿಗೆ 75. ತಟ್ಟೆಯ ಮೇಲೆ ಬರೆದ 250 ಕಾಣಬೇಕಾದರೆ ಹದಿಮೂರು ಹದಿನಾಲ್ಕು ಮೀಟರ್ ಗಾಳಿ ಬೇಕು. ಅಂಥ ಗಾಳಿ ಆಷಾಢದಲ್ಲಿ ಬೀಸುತ್ತದೆ, ಅದೂ ಎಲ್ಲಾ ದಿನ ಅಲ್ಲ.

ಹಾಗಾಗಿ 21 ಎಂದರೆ ನೂರರಲ್ಲಿ 21 ಗಂಟೆ ಓಡಿತು ಎಂದಲ್ಲ. ಎಲ್ಲಾ ಗಂಟೆಗಳನ್ನೂ ಸೇರಿಸಿ, ಒಂದಿಷ್ಟು ಗಂಟೆ ಐದು ಕಿಲೋವ್ಯಾಟ್, ಒಂದಿಷ್ಟು ಗಂಟೆ ನೂರು, ಒಂದಿಷ್ಟು ಗಂಟೆ ಸೊನ್ನೆ, ಹೀಗೆ ಬಂದದ್ದನ್ನೆಲ್ಲ ಕೂಡಿದರೆ ತಟ್ಟೆಯ ಅಂಕಿಯ 21 ಭಾಗ ಆಯಿತು ಎಂದು ಅರ್ಥ. ಪಾಳಿ ಹೊಂದಿಸಿಕೊಳ್ಳಲು ಇದರಿಂದ ಏನೂ ತಿಳಿಯುವುದಿಲ್ಲ.

ಲೆಕ್ಕದವರೇ, ನಿಮಗೆ ಜುಲೈ ಒಂದೇ ತಿಂಗಳು ತೋರಿಸಿದ್ದಾರೆ ಅಲ್ವಾ? ಹನ್ನೆರಡೂ ತಿಂಗಳದ್ದು ಕೇಳಿ. ಪ್ರತಿ ತಿಂಗಳೂ ಹೆಸ್ಕಾಂನವರು ಮತ್ತು ಯಂತ್ರದವರು ಒಟ್ಟಿಗೆ ನಿಂತು ಮೀಟರ್ ಓದಿ ಸಹಿ ಹಾಕುತ್ತಾರೆ. ಅದಕ್ಕೆ ಜೆಎಂಆರ್ ಎನ್ನುತ್ತೇವೆ. ಆ ಕಾಗದ ಇಲ್ಲದೆ ಮಾತು ಮುಂದುವರಿಸಬೇಡಿ.

ಬಾಗೇವಾಡಿ ಹೊಲದವ

ನಮ್ಮ ಬಸವನ ಬಾಗೇವಾಡಿ ಕಡೆಯೂ ಫ್ಯಾನ್ ನಿಂತಿವೆ. ನನ್ನ ಹೊಲದಿಂದ ನಾಲ್ಕು ಕಾಣುತ್ತವೆ. ನನಗೂ ಒಂದು ಪ್ರಶ್ನೆ ಇದೆ. ಹೋದ ವಾರ ಗಾಳಿ ಚೆನ್ನಾಗಿತ್ತು, ಜೋಳದ ಮೇವು ಹಾರಿ ಹೋಗುತ್ತಿತ್ತು. ಆದರೂ ಎರಡು ಫ್ಯಾನ್ ಸುಮ್ನೆ ನಿಂತಿದ್ದವು. ಇಷ್ಟು ಫ್ಯಾನ್ ಇದ್ದೂ ನಮ್ಮ ಪಂಪ್‌ಸೆಟ್‌ಗೆ ರಾತ್ರಿ ಪಾಳಿಯಲ್ಲೇ ಕರೆಂಟ್ ಕೊಡುತ್ತಾರೆ. ಒಂದು ಮೆಗಾವ್ಯಾಟ್‌ನಲ್ಲಿ ಎಷ್ಟು ಪಂಪ್ ಓಡಬಹುದು ಎಂದು ಯಾರಾದರೂ ಹೇಳಿ.

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಕಾಕಾ, ಪಂಪಿನ ಲೆಕ್ಕ ಹೇಳುತ್ತೇನೆ. ಐದು ಎಚ್‌ಪಿ ಪಂಪ್ ಒಂದು ನಾಲ್ಕು ಕಿಲೋವ್ಯಾಟ್ ಹತ್ತಿರ ತೆಗೆದುಕೊಳ್ಳುತ್ತದೆ. ಪೂರ್ತಿ ಗಾಳಿ ಇದ್ದ ಹೊತ್ತಿಗೆ ಒಂದು ಮೆಗಾವ್ಯಾಟ್‌ನಲ್ಲಿ 250 ಪಂಪ್ ಓಡಬಹುದು. ಆದರೆ ಫ್ಯಾನಿನ ಕರೆಂಟ್ ಬರುವುದು ದೊಡ್ಡ ಲೈನಿಗೆ, ನಿಮ್ಮ ಟಿಸಿಗೆ ನೇರವಾಗಿ ಅಲ್ಲ. ನಿಮಗೆ ಯಾವ ಹೊತ್ತಿಗೆ ಕೊಡಬೇಕು ಎನ್ನುವುದು ಬೇರೆಯದೇ ವ್ಯವಸ್ಥೆ.

ಗಾಳಿ ಇದ್ದೂ ಫ್ಯಾನ್ ನಿಂತದ್ದಕ್ಕೆ ಕಾರಣ ಹಲವು ಇರಬಹುದು. ಲೈನ್ ಟ್ರಿಪ್ ಆದರೆ ಯಂತ್ರ ತಾನಾಗಿ ನಿಲ್ಲುತ್ತದೆ, ಕರೆಂಟ್ ಕಳಿಸಲು ದಾರಿಯೇ ಇಲ್ಲವಲ್ಲ. ಆದರೆ ಲೈನಿನ ತೊಂದರೆ ಆದರೆ ಸಾಮಾನ್ಯವಾಗಿ ಆ ಸಾಲಿನ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ನಾಲ್ಕರಲ್ಲಿ ಎರಡು ಓಡುತ್ತಿದ್ದವು ಎಂದರೆ ನಿಂತ ಎರಡರಲ್ಲಿ ರಿಪೇರಿ ಇತ್ತೆಂದೇ ನನಗೆ ಅನಿಸುತ್ತದೆ. ದೂರದಿಂದ ಖಚಿತ ಹೇಳಲಾರೆ. ಹೀಗೆ ನಿಂತ ಗಂಟೆಗಳೂ ಆ 21ರ ಒಳಗೇ ಸೇರಿವೆ ಎನ್ನುವುದನ್ನು ಲೆಕ್ಕದವರು ಗಮನಿಸಬೇಕು.

ಬಾಗಲಕೋಟೆ ಮೇಷ್ಟ್ರು

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಮಾರುವವರ ಕಾಗದ ಇಲ್ಲದೆಯೂ ಇದನ್ನು ತೂಗಿ ನೋಡಬಹುದಲ್ಲ ಎಂದು ಕೂತು ಲೆಕ್ಕ ಹಾಕಿದೆ. ಗುಡ್ಡದ ಮೇಲೆ, 50 ಮೀಟರ್ ಎತ್ತರದಲ್ಲಿ, ವರ್ಷದ ಸರಾಸರಿ ಗಾಳಿ ಸೆಕೆಂಡಿಗೆ ಆರು ಮೀಟರ್ ಎಂದು ಇಟ್ಟುಕೊಂಡೆ. ಮೆಕ್ಯಾನಿಕ್ ಅವರು ಆರು ಮೀಟರಿಗೆ 30 ಕಿಲೋವ್ಯಾಟ್ ಎಂದಿದ್ದಾರೆ. ನಾಲ್ಕು ಯಂತ್ರಕ್ಕೆ 120. ಅದನ್ನು 8760ರಿಂದ ಗುಣಿಸಿದರೆ 10.5 ಲಕ್ಷ ಯೂನಿಟ್. ಅಂದರೆ ಪಿಎಲ್‌ಎಫ್ ಬರೀ 12. ನೀವು ಹೇಳುವ 21 ಕೂಡ ನನಗೆ ಜಾಸ್ತಿ ಎನಿಸುತ್ತಿದೆ. ಲೆಕ್ಕದವರು ಈ ವ್ಯವಹಾರ ಬಿಡುವುದೇ ಒಳ್ಳೆಯದು.

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಸರ್, ಆರು ಮೀಟರ್ ಸರಾಸರಿ ಈ ಗುಡ್ಡಕ್ಕೆ ಒಪ್ಪುವಂಥ ಅಂಕಿಯೇ. ಆದರೆ ಸರಾಸರಿ ಗಾಳಿಯಿಂದ ಸರಾಸರಿ ಕರೆಂಟ್ ತೆಗೆಯಲು ಬರುವುದಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಎರಡು ದಿನ ತೆಗೆದುಕೊಳ್ಳಿ. ಒಂದು ದಿನ ಗಾಳಿ ನಾಲ್ಕು ಮೀಟರ್, ಮರುದಿನ ಎಂಟು. ಸರಾಸರಿ ಆರು. ಮೊದಲ ದಿನ ಯಂತ್ರ ಕೊಟ್ಟದ್ದು ಸುಮಾರು ಆರು ಕಿಲೋವ್ಯಾಟ್, ಎರಡನೇ ದಿನ 75. ಸರಾಸರಿ 40 ಆಯಿತು, ನಿಮ್ಮ 30 ಅಲ್ಲ. ಜೋರು ದಿನದ ಲಾಭ ಮಂದ ದಿನದ ನಷ್ಟಕ್ಕಿಂತ ಬಹಳ ದೊಡ್ಡದು. ನಮ್ಮಲ್ಲಂತೂ ಗಾಳಿ ಒಂದೇ ಸಮ ಇರುವುದೇ ಇಲ್ಲ. ಮುಂಗಾರಿನಲ್ಲಿ ಹತ್ತು ಹನ್ನೆರಡು ಮೀಟರ್, ದೀಪಾವಳಿ ಕಳೆದ ಮೇಲೆ ಮೂರು ನಾಲ್ಕು. ಹಾಗಾಗಿ ಸರಾಸರಿ ಆರೇ ಆದರೂ ಯಂತ್ರಕ್ಕೆ 50 ಕಿಲೋವ್ಯಾಟ್ ಸರಾಸರಿ ಬೀಳುತ್ತದೆ. ನಾಲ್ಕಕ್ಕೆ 200, ಅದು ಪಿಎಲ್‌ಎಫ್ 20.

ಬಾಗಲಕೋಟೆ ಮೇಷ್ಟ್ರು

ಹೌದು, ತಪ್ಪು ನನ್ನದೇ. ಘನ ತೆಗೆದ ಮೇಲೆ ಸರಾಸರಿ ಮಾಡಬೇಕಿತ್ತು, ನಾನು ಸರಾಸರಿ ಮಾಡಿ ಘನ ತೆಗೆದೆ. ಈಗ 216ರ ಎದುರು 288 ಬರುತ್ತದೆ ನಿಮ್ಮ ಎರಡು ದಿನದ ಉದಾಹರಣೆಗೆ. ಮೂರನೇ ಒಂದು ಭಾಗ ಜಾಸ್ತಿ. ಗಾಳಿ ಹೆಚ್ಚು ಏರಿಳಿದಷ್ಟೂ ಈ ಅಂತರ ದೊಡ್ಡದಾಗುತ್ತದೆ.

ಇನ್ನೊಂದು ಅನುಮಾನ. ಕಂಪನಿಯವರ ಪುಸ್ತಕದಲ್ಲಿ ಗಾಳಿಯ ವೇಗಕ್ಕೆ ಇಷ್ಟು ಕಿಲೋವ್ಯಾಟ್ ಎಂದು ಕೊಡುವ ಪಟ್ಟಿ ಸಮುದ್ರ ಮಟ್ಟದ ಗಾಳಿಗೆ, ಅಂದರೆ ಘನ ಮೀಟರಿಗೆ 1.225 ಕೆಜಿ ಹಿಡಿದು ಮಾಡಿದ್ದು. ಸವದತ್ತಿ ಗುಡ್ಡ ಸಮುದ್ರ ಮಟ್ಟದಿಂದ ಎಷ್ಟೋ ಮೇಲಿದೆ, ಬಿಸಿಲೂ ಇದೆ. ಗಾಳಿ ತೆಳುವಾಗಿರುತ್ತದೆ. ಏಳೆಂಟು ನೂರು ಮೀಟರ್ ಎತ್ತರಕ್ಕೆ 1.07ರ ಹತ್ತಿರ ಬರುತ್ತದೆ. ಶೇಕಡಾ 13ರಷ್ಟು ಕಡಿಮೆ. ಇದನ್ನು ಕಳೆದಿದ್ದೀರಾ?

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ನಾನು ಹೇಳಿದ 30, 75 ಇಲ್ಲಿನ ಗಾಳಿಗೇ. ಪುಸ್ತಕದ ಪಟ್ಟಿ ಇದಕ್ಕಿಂತ ಜಾಸ್ತಿ ತೋರಿಸುತ್ತದೆ. ಮಾರುವವರು ಪುಸ್ತಕದ ಪಟ್ಟಿ ತಂದರೆ ನೀವು ಹೇಳಿದ 13 ಕಳೆಯಲೇಬೇಕು. ಒಳ್ಳೆಯ ಮಾತು ನೆನಪಿಸಿದಿರಿ.

ಇಂಡಿ ಸೋಲಾರ್

ಇಷ್ಟೆಲ್ಲ ತಲೆನೋವು ಯಾಕೆ? ನಮ್ಮ ವಿಜಯಪುರ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ನಾವು ಒಂದು ಮೆಗಾವ್ಯಾಟ್ ಸೋಲಾರ್ ಹಾಕಿದ್ದೇವೆ, ವರ್ಷಕ್ಕೆ ಹದಿನೈದೂವರೆ ಲಕ್ಷ ಯೂನಿಟ್ ಬರುತ್ತದೆ. ಗಾಳಿಗಿಂತ ಸ್ವಲ್ಪ ಕಡಿಮೆ ಇರಬಹುದು, ಆದರೆ ತಿಂಗಳಿಂದ ತಿಂಗಳಿಗೆ ಅಷ್ಟು ಏರುಪೇರು ಇಲ್ಲ. ಗೇರ್‌ಬಾಕ್ಸ್ ಇಲ್ಲ, ಎಣ್ಣೆ ಇಲ್ಲ. ಲೆಕ್ಕದವರು ಅದನ್ನೇ ಯೋಚಿಸಲಿ.

ಉದ್ಯಮಬಾಗ್ ಲೆಕ್ಕದವ

ಅಣ್ಣಾ, ಸೋಲಾರ್ ಕೂಡ ಯೋಚನೆಯಲ್ಲಿದೆ. ಆದರೆ ನಮ್ಮ ಕುಲುಮೆ ರಾತ್ರಿಯೂ ಓಡುತ್ತದೆ. ಅದನ್ನು ಇನ್ನೊಮ್ಮೆ ಕೇಳುತ್ತೇನೆ.

ನಾಲ್ಕು ದಿನ ಬೆನ್ನು ಹತ್ತಿ ಕೊನೆಗೆ ಜೆಎಂಆರ್ ಕಾಗದ ಪಡೆದೆ. ಮೂರು ವರ್ಷದ್ದು ಸಿಕ್ಕಿದೆ. ಮೊದಲನೇ ವರ್ಷದ್ದು ತಿಂಗಳವಾರು ಹಾಕುತ್ತೇನೆ, ಲಕ್ಷ ಯೂನಿಟ್‌ಗಳಲ್ಲಿ. ಏಪ್ರಿಲ್ 0.90, ಮೇ 1.80, ಜೂನ್ 2.90, ಜುಲೈ 3.70, ಆಗಸ್ಟ್ 3.30, ಸೆಪ್ಟೆಂಬರ್ 1.85. ಅಲ್ಲಿಂದ ಕೆಳಗೆ ಬೀಳುತ್ತದೆ. ಅಕ್ಟೋಬರ್ 0.65, ನವೆಂಬರ್ 0.60, ಡಿಸೆಂಬರ್ 0.70, ಜನವರಿ 0.65, ಫೆಬ್ರವರಿ 0.60, ಮಾರ್ಚ್ 0.75.

ಕೂಡಿದರೆ 18.40 ಲಕ್ಷ. ನಾನು ಹೀಗೆ ಮಾಡಿದೆ:

```
18,40,000 ÷ 87,60,000 = 0.21
```

ಮೆಕ್ಯಾನಿಕ್ ಅವರು ಹೇಳಿದ 21 ಅಚ್ಚುಕಟ್ಟಾಗಿ ಬಂತು. ಜುಲೈ ಒಂದನ್ನೇ ನೋಡಿದರೆ, 31 ದಿನಕ್ಕೆ 744 ಗಂಟೆ, ಒಂದು ಮೆಗಾವ್ಯಾಟ್‌ಗೆ ಗರಿಷ್ಠ 7.44 ಲಕ್ಷ. ಅದರಲ್ಲಿ 3.70 ಎಂದರೆ ಅರ್ಧ. ನವೆಂಬರ್‌ನಲ್ಲಿ 7.20ಕ್ಕೆ 0.60, ಅಂದರೆ ಎಂಟು ಚಿಲ್ಲರೆ. ನನಗೆ ತೋರಿಸಿದ್ದು ವರ್ಷದ ಅತಿ ಒಳ್ಳೆಯ ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ 11.75 ಲಕ್ಷ ಬಂದಿದೆ. ವರ್ಷದ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆ.

ಎರಡನೇ ವರ್ಷ 16.60, ಮೂರನೇ ವರ್ಷ 17.50. ಎರಡನೇ ವರ್ಷ ಯಾಕೆ ಇಳಿಯಿತು ಎಂದು ಕೇಳಿದರೆ "ಆ ವರ್ಷ ಗಾಳಿ ಕಡಿಮೆ ಇತ್ತು" ಎಂದರು. ನಿಜವೇ?

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಗಾಳಿ ವರ್ಷದಿಂದ ವರ್ಷಕ್ಕೆ ಏರಿಳಿಯುವುದು ನಿಜ. ಆದರೆ ಕಣ್ಣು ಮುಚ್ಚಿ ಒಪ್ಪಬೇಡಿ. ಗಾಳಿ ಕಡಿಮೆ ಆದರೆ ನಾಲ್ಕೂ ಯಂತ್ರ ಒಟ್ಟಿಗೆ ಇಳಿಯುತ್ತವೆ. ಒಂದು ಮಾತ್ರ ಇಳಿದಿದ್ದರೆ ಅದು ಗಾಳಿಯ ತಪ್ಪಲ್ಲ, ಯಂತ್ರದ್ದು.

ಇದನ್ನು ತಿಳಿಯಲು ಜೆಎಂಆರ್ ಸಾಲದು, ಅದರಲ್ಲಿ ನಾಲ್ಕರದ್ದೂ ಸೇರಿ ಒಂದೇ ಅಂಕಿ ಇರುತ್ತದೆ. ಪ್ರತಿ ಗೋಪುರದ ಬುಡದಲ್ಲಿ ಕಂಟ್ರೋಲ್ ಪ್ಯಾನೆಲ್ ಇದೆ. ಅದರಲ್ಲಿ ಆ ಯಂತ್ರದ ಯೂನಿಟ್, ಓಡಿದ ಗಂಟೆ, ನಿಂತ ಗಂಟೆ, ನಿಂತದ್ದು ಯಾಕೆ ಎಂಬ ಸಂಕೇತ ಎಲ್ಲಾ ಇರುತ್ತದೆ. ಸೈಟಿನವರು ಅದನ್ನು ದಿನವೂ ಒಂದು ವಹಿಯಲ್ಲಿ ಬರೆದಿಡುತ್ತಾರೆ. ಆಗಸ್ಟ್, ಸೆಪ್ಟೆಂಬರ್ ಪುಟ ತೆರೆದು ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಟಿಳಕವಾಡಿ ಆಡಿಟರ್

ನಾನು ಇಂಥ ಎರಡು ಮೂರು ವ್ಯವಹಾರದ ಪುಸ್ತಕ ನೋಡಿದ್ದೇನೆ, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ಪ್ಯಾನೆಲ್‌ನ ನಾಲ್ಕು ಅಂಕಿ ಕೂಡಿದಾಗ ಜೆಎಂಆರ್‌ಗಿಂತ ಜಾಸ್ತಿ ಬರುತ್ತದೆ. ಅದನ್ನು ನೋಡಿ ಗಾಬರಿ ಆಗಬೇಡಿ, ಖುಷಿಯೂ ಪಡಬೇಡಿ. ಪ್ಯಾನೆಲ್ ಅಳೆಯುವುದು ಗೋಪುರದ ಬುಡದಲ್ಲಿ. ಬಿಲ್ಲಿನ ಮೀಟರ್ ಇರುವುದು ದೂರದ ಸಬ್‌ಸ್ಟೇಷನ್ ಹತ್ತಿರ. ನಡುವೆ ಟ್ರಾನ್ಸ್‌ಫಾರ್ಮರ್, ಲೈನ್ ಎರಡೂ ಒಂದಿಷ್ಟು ತಿನ್ನುತ್ತವೆ. ನಾನು ನೋಡಿದ ಪುಸ್ತಕಗಳಲ್ಲಿ ಎರಡು ಮೂರು ಶೇಕಡಾ ವ್ಯತ್ಯಾಸ ಇತ್ತು. ಪಿಎಲ್‌ಎಫ್ ಎಂದು ಯಾರಾದರೂ ಅಂಕಿ ಹೇಳಿದರೆ, ಯಾವ ಮೀಟರ್ ಹಿಡಿದು ಹೇಳುತ್ತಿದ್ದೀರಿ ಎಂದು ಮೊದಲು ಕೇಳಿ. ನಿಮ್ಮ ಫೌಂಡ್ರಿ ಬಿಲ್ಲಿಗೆ ಹೊಂದುವುದು ಸಬ್‌ಸ್ಟೇಷನ್ ಮೀಟರಿನ ಅಂಕಿ ಮಾತ್ರ. ಅದರಲ್ಲೂ ಲೈನಿನಲ್ಲಿ ಕರೆಂಟ್ ಸಾಗಿಸಿದ್ದಕ್ಕೆ ಹಿಡಿಯುವ ವೀಲಿಂಗ್ ಕಡಿತ ಬೇರೆ ಇದೆ.

ಇನ್ನೊಂದು. ಜೆಎಂಆರ್ ಹಾಳೆಯಲ್ಲಿ ಎಕ್ಸ್‌ಪೋರ್ಟ್, ಇಂಪೋರ್ಟ್ ಎಂದು ಎರಡು ಸಾಲು ಇರುತ್ತದೆ. ಗಾಳಿ ಇಲ್ಲದಾಗ ಯಂತ್ರ ತನ್ನ ಪ್ಯಾನೆಲ್, ಮೋಟರ್‌ಗಳಿಗೆ ಲೈನಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ. ನೀವು ಕೂಡಿದ್ದು ಇಂಪೋರ್ಟ್ ಕಳೆದ ಅಂಕಿಯೋ, ಕಳೆಯದ್ದೋ?

ಉದ್ಯಮಬಾಗ್ ಲೆಕ್ಕದವ

ಅಕ್ಕಾ, ಕಳೆದ ಮೇಲಿನದ್ದೇ. ನಿಮ್ಮ ಮಾತು ಓದಿ ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಂಡೆ.

ನಿನ್ನೆ ಭಾನುವಾರ ಬೈಕ್ ತೆಗೆದುಕೊಂಡು ಸೈಟಿಗೇ ಹೋಗಿ ಬಂದೆ. ಅಲ್ಲಿ ಕಾವಲಿಗಿದ್ದ ಹುಡುಗ ವಹಿ ತೋರಿಸಿದ. ಎರಡನೇ ವರ್ಷ ಆಗಸ್ಟ್ 6ರಿಂದ ಸೆಪ್ಟೆಂಬರ್ 30ರವರೆಗೆ, ಒಟ್ಟು 56 ದಿನ, ನಾಲ್ಕನೇ ಯಂತ್ರದ ಎದುರು ಬರೀ ಸೊನ್ನೆ. ಪಕ್ಕದಲ್ಲಿ "ಗೇರ್‌ಬಾಕ್ಸ್" ಎಂದು ಬರೆದಿದೆ. ಅದೇ ದಿನಗಳಲ್ಲಿ ಉಳಿದ ಮೂರು ಸೇರಿ 3.30 ಲಕ್ಷ ಯೂನಿಟ್ ಕೊಟ್ಟಿವೆ. ಒಂದಕ್ಕೆ 1.10 ಬಿತ್ತು. ನಾಲ್ಕನೆಯದೂ ಓಡಿದ್ದರೆ 1.10 ಸೇರಿ 16.60ರ ಬದಲು 17.70 ಆಗುತ್ತಿತ್ತು. ಅಂದರೆ ಮೊದಲ ವರ್ಷಕ್ಕಿಂತ ಗಾಳಿ ಕಡಿಮೆ ಇದ್ದದ್ದರಿಂದ ಹೋದದ್ದು 0.70, ಗೇರ್‌ಬಾಕ್ಸಿನಿಂದ ಹೋದದ್ದು 1.10. ಅವರು ಹೇಳಿದ್ದು ಅರ್ಧ ನಿಜವೂ ಅಲ್ಲ.

ಈಗ ನನ್ನ ತೊಡಕು ಇದು. ಮೂರು ವರ್ಷದ ಸರಾಸರಿ 17.50 ಲಕ್ಷ, ಪಿಎಲ್‌ಎಫ್ 20. ಗೇರ್‌ಬಾಕ್ಸ್ ನಷ್ಟವನ್ನು ಮರಳಿ ಸೇರಿಸಿದರೆ ಸರಾಸರಿ 17.87, ಪಿಎಲ್‌ಎಫ್ 20.4. ಮುಂದಿನ ವರ್ಷಗಳಿಗೆ ಯಾವುದನ್ನು ಹಿಡಿಯಲಿ?

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಸೇರಿಸಬೇಡಿ. 20 ಹಿಡಿಯಿರಿ. ಹಳೆಯ ಯಂತ್ರದಲ್ಲಿ ಗೇರ್‌ಬಾಕ್ಸ್ ಹೋಗುವುದು ಅಪರೂಪದ ಘಟನೆ ಅಲ್ಲ. ಒಂದರದ್ದು ಹೋಗಿದೆ, ಅದೇ ವಯಸ್ಸಿನ ಇನ್ನೂ ಮೂರು ಇವೆ. ಅವು ಕೆಡುವುದೂ ಹೆಚ್ಚಾಗಿ ಜೋರು ಗಾಳಿಯಲ್ಲೇ, ಹೊರೆ ಬೀಳುವುದು ಆಗಲೇ ತಾನೇ? ಮಳೆಯಲ್ಲಿ ಗುಡ್ಡದ ದಾರಿ ಕೆಸರಾಗುತ್ತದೆ, ಕ್ರೇನ್ ಹತ್ತುವುದಿಲ್ಲ. ಅದಕ್ಕೇ 56 ದಿನ ಹಿಡಿದದ್ದು. ನವೆಂಬರ್‌ನಲ್ಲಿ ಅಷ್ಟೇ ದಿನ ನಿಂತಿದ್ದರೆ ಒಂದು ಯಂತ್ರಕ್ಕೆ ಮೂವತ್ತು ಸಾವಿರ ಯೂನಿಟ್ ಕೂಡ ನಷ್ಟ ಆಗುತ್ತಿರಲಿಲ್ಲ. ನಿಂತ ದಿನಗಳನ್ನು ಎಣಿಸುವಾಗ ಯಾವ ತಿಂಗಳಲ್ಲಿ ನಿಂತಿತು ಎನ್ನುವುದೇ ಮುಖ್ಯ.

ಟಿಳಕವಾಡಿ ಆಡಿಟರ್

ನಾನು 20 ಕೂಡ ಒಪ್ಪುವುದಿಲ್ಲ. ಸರಾಸರಿ ಎಂದರೆ ಅದಕ್ಕಿಂತ ಕಡಿಮೆ ಬರುವ ವರ್ಷಗಳೂ ಇವೆ ಎಂದೇ ಅರ್ಥ. ಬ್ಯಾಂಕಿನ ಕಂತು ಗಾಳಿ ಕಡಿಮೆ ಇದ್ದ ವರ್ಷವೂ ಕಟ್ಟಬೇಕು. ಕಂಡ ಅತಿ ಕಡಿಮೆ ವರ್ಷ 16.60, ಅದು 19ರ ಹತ್ತಿರ. ಸಾಲದ ಲೆಕ್ಕ ಅದರ ಮೇಲೆ ಮಾಡಿ. ಮೂರೇ ವರ್ಷದ ಕಾಗದದಲ್ಲಿ ನಿಜವಾಗಿ ಕೆಟ್ಟ ಮುಂಗಾರು ಬಂದೇ ಇಲ್ಲದಿರಬಹುದು, ಹಾಗಾಗಿ ನಾನಾದರೆ 18ಕ್ಕೇ ಇಳಿಸುತ್ತಿದ್ದೆ.

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಅಕ್ಕಾರೆ, 18 ಹಿಡಿದರೆ ಈ ಗುಡ್ಡದ ಯಾವ ಹಳೆಯ ಯಂತ್ರವನ್ನೂ ಯಾರೂ ಕೊಳ್ಳಲಾರರು. ದೇಖರೇಖಿ ಸರಿಯಾಗಿ ಮಾಡಿದರೆ 20 ಉಳಿಸಿಕೊಳ್ಳಬಹುದು, ನಾನು ಮಾಡಿದ್ದೇನೆ. ಆದರೆ ಸಾಲ ನಿಮ್ಮ ವಿಷಯ, ಅದರಲ್ಲಿ ನಾನು ವಾದಿಸುವುದಿಲ್ಲ.

ಖಾನಾಪುರದ ಹುಡುಗ

ಹೊಸ ಯಂತ್ರಗಳಿಗೆ 30, 35 ಬರುತ್ತದೆ ಎಂದು ಕೇಳಿದ್ದೇನೆ. 20 ಬರುವ ಹಳೆಯದನ್ನು ಯಾಕೆ ಕೊಳ್ಳಬೇಕು? ಐದರಲ್ಲಿ ನಾಲ್ಕು ಪಾಲು ಗಾಳಿಯನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ ಎಂದಾಯಿತಲ್ಲ.

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಇಲ್ಲ ತಮ್ಮಾ, ಪಿಎಲ್‌ಎಫ್ ಗಾಳಿಯನ್ನು ಎಷ್ಟು ಹಿಡಿಯಿತು ಎಂದು ಹೇಳುವುದಿಲ್ಲ. ಒಳಗಿರುವ ಜನರೇಟರ್ ಎಷ್ಟು ತುಂಬಿ ಓಡಿತು ಎಂದು ಹೇಳುತ್ತದೆ. ಈ ಯಂತ್ರದ ರೆಕ್ಕೆಗಳ ಸುತ್ತು ಮೂವತ್ತು ಮೀಟರ್ ಅಗಲ, ಜನರೇಟರ್ 250. ಅದೇ ರೆಕ್ಕೆಗೆ 200ರ ಜನರೇಟರ್ ಕೂರಿಸಿದ್ದರೆ ಜೋರು ಗಾಳಿಯ ಒಂದಿಷ್ಟು ಯೂನಿಟ್ ಕೈತಪ್ಪುತ್ತಿತ್ತು, ಒಟ್ಟು ಸ್ವಲ್ಪ ಇಳಿಯುತ್ತಿತ್ತು. ಆದರೆ ಭಾಗಿಸುವ ಅಂಕಿ ಇನ್ನೂ ಜಾಸ್ತಿ ಇಳಿಯುವುದರಿಂದ ಪಿಎಲ್‌ಎಫ್ ಏರುತ್ತಿತ್ತು. ಕರೆಂಟ್ ಕಡಿಮೆ, ಪಿಎಲ್‌ಎಫ್ ಜಾಸ್ತಿ!

ಹೊಸ ಯಂತ್ರಗಳಲ್ಲಿ ಜನರೇಟರಿಗೆ ಹೋಲಿಸಿದರೆ ರೆಕ್ಕೆ ಬಹಳ ಉದ್ದ, ಗೋಪುರವೂ ನೂರು ಮೀಟರ್ ದಾಟುತ್ತದೆ. ಮೇಲೆ ಹೋದಷ್ಟೂ ಗಾಳಿ ಜೋರು. 50 ಮೀಟರ್‌ನಿಂದ 100ಕ್ಕೆ ಹೋದರೆ ಬಯಲಿನಲ್ಲಿ ವೇಗ ಹತ್ತು ಶೇಕಡಾ ಏರುತ್ತದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಗುಡ್ಡದ ತುದಿಯಲ್ಲಿ ಅಷ್ಟು ಏರದೆಯೂ ಇರಬಹುದು. ಹೊಸದರ 35ಕ್ಕೂ ಹಳೆಯದರ 20ಕ್ಕೂ ಹೋಲಿಕೆ ಮಾಡುವುದಾದರೆ ಒಂದು ಯೂನಿಟ್‌ಗೆ ಎಷ್ಟು ರೂಪಾಯಿ ಬಿತ್ತು ಎಂದು ಮಾಡಬೇಕು.

ಉದ್ಯಮಬಾಗ್ ಲೆಕ್ಕದವ

ಮಾವನವರ ಎದುರು ಕೂತು ತಿಂಗಳವಾರು ನಮ್ಮ ಬಳಕೆಯ ಪಕ್ಕ ಬರೆದೆ. ನಮಗೆ ಪ್ರತಿ ತಿಂಗಳು 2.50 ಲಕ್ಷ ಬೇಕು. ಒಳ್ಳೆಯ ವರ್ಷ, ಅಂದರೆ 18.40ರ ವರ್ಷವನ್ನೇ ಹಿಡಿದರೂ, ಜೂನ್, ಜುಲೈ, ಆಗಸ್ಟ್ ಮೂರರಲ್ಲಿ ಒಟ್ಟು 2.40 ಲಕ್ಷ ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಉಳಿದ ಒಂಬತ್ತು ತಿಂಗಳೂ ಕೊರತೆ. ಆ ಜಾಸ್ತಿ ಬಂದದ್ದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಲು ಬರದಿದ್ದರೆ ನಮ್ಮ ಬಿಲ್ಲಿಗೆ ಹೊಂದುವುದು 16 ಲಕ್ಷ ಮಾತ್ರ. ನಮ್ಮ 30 ಲಕ್ಷದಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ. ಹಾಳೆಯಲ್ಲಿ ಬರೆದಿದ್ದದ್ದು ಮೂರು ಪಟ್ಟು.

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಬೆಲೆಯೂ ಹಾಗೇ ಇಳಿಯಬೇಕಲ್ಲ" ಎಂದರು.

ಟಿಳಕವಾಡಿ ಆಡಿಟರ್

ಹೆಚ್ಚುವರಿ ಯೂನಿಟ್ ಇಟ್ಟುಕೊಳ್ಳುವುದಕ್ಕೆ ಬ್ಯಾಂಕಿಂಗ್ ಎನ್ನುತ್ತಾರೆ. ಅದರ ನಿಯಮ ಕಾಲಕಾಲಕ್ಕೆ ಬದಲಾಗಿದೆ. ಈ ಯಂತ್ರಗಳ ಒಪ್ಪಂದ ಯಾವ ವರ್ಷದ್ದು, ಮಾಲೀಕರು ಬದಲಾದರೆ ಅದೇ ಷರತ್ತು ಮುಂದುವರಿಯುತ್ತದೆಯೇ ಎಂದು ಹೆಸ್ಕಾಂ ಕಚೇರಿಯಲ್ಲಿ ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತು ಬೇಡ. 16 ಲಕ್ಷ ಆಗುತ್ತದೋ 18 ಲಕ್ಷ ಆಗುತ್ತದೋ ಎನ್ನುವುದು ಅದರ ಮೇಲೇ ನಿಂತಿದೆ.

ಬಾಗಲಕೋಟೆ ಮೇಷ್ಟ್ರು

ಹಾಗಾದರೆ 87.6 ಲಕ್ಷ ಎನ್ನುವ ಅಂಕಿಗೆ ಯಾವ ಉಪಯೋಗವೂ ಇಲ್ಲವೇ?

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಇದೆ ಸರ್, ಕಾಗದದ ತಪ್ಪು ಹಿಡಿಯಲು. ಅದು ದಾಟಲಾಗದ ಗಡಿ. ಸಬ್‌ಸ್ಟೇಷನ್ ಮೀಟರಿನಲ್ಲಿ ಕಾಣುವುದು ನೇರ ಯೂನಿಟ್ ಅಲ್ಲ. ಈ ತಿಂಗಳ ರೀಡಿಂಗ್‌ನಲ್ಲಿ ಹಿಂದಿನ ತಿಂಗಳದ್ದು ಕಳೆದು, ಮೀಟರಿನ ಕಾನ್‌ಸ್ಟಂಟ್‌ನಿಂದ ಗುಣಿಸಬೇಕು. ಮೀಟರಿಗೆ ಜೋಡಿಸಿದ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ, ಬದಲಾಯಿಸಿದಾಗ ಆ ಕಾನ್‌ಸ್ಟಂಟ್ ಬದಲಾಗುತ್ತದೆ. ಹಳೆಯದರಿಂದಲೇ ಗುಣಿಸಿದರೆ ಅಂಕಿ ಎರಡು ಪಟ್ಟೂ ಆಗಬಹುದು, ಅರ್ಧವೂ ಆಗಬಹುದು. ಒಂದು ಜುಲೈಯಲ್ಲಿ 7.44 ಲಕ್ಷಕ್ಕಿಂತ ಜಾಸ್ತಿ ಬಂದರೆ ಅದು ಸುಳ್ಳೇ, ಯೋಚಿಸಬೇಕಾಗಿಲ್ಲ. ಇಂಥ ಹಳೆಯ ಯಂತ್ರಕ್ಕೆ 5 ಲಕ್ಷ ದಾಟಿದರೂ ನಾನು ಮೀಟರ್ ಹತ್ತಿರ ಹೋಗುತ್ತೇನೆ. ಅರ್ಧ ಆದದ್ದು ಮಾತ್ರ ಹೀಗೆ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಪ್ಯಾನೆಲ್ ಅಂಕಿಯ ಜೊತೆ ತಾಳೆ ನೋಡಬೇಕು.

ಲೆಕ್ಕದವರೇ, ನಿಮ್ಮ ಮೂರು ವರ್ಷದ ಹಾಳೆಗಳಲ್ಲಿ ಕಾನ್‌ಸ್ಟಂಟ್ ಒಂದೇ ಇದೆಯಾ?

ಉದ್ಯಮಬಾಗ್ ಲೆಕ್ಕದವ

ಈಗ ತಾನೇ ತೆಗೆದು ನೋಡಿದೆ. ಮೂರೂ ವರ್ಷ ಒಂದೇ ಇದೆ. ವಹಿಯ ಪ್ಯಾನೆಲ್ ಅಂಕಿ ಮೊದಲ ವರ್ಷಕ್ಕೆ ಕೂಡಿದೆ, 18.92 ಬಂತು. ಜೆಎಂಆರ್ 18.40. ಅಕ್ಕ ಹೇಳಿದ ಎರಡು ಮೂರು ಶೇಕಡಾ ಒಳಗೇ ಇದೆ.

ಮುಂದಿನ ತಿಂಗಳು ಒಂದನೇ ತಾರೀಖು ಮೀಟರ್ ಓದುವ ಹೊತ್ತಿಗೆ ಸಬ್‌ಸ್ಟೇಷನ್ ಹತ್ತಿರ ಹೋಗಿ ನಿಲ್ಲುತ್ತೇನೆ. ಮಾರುವವರಿಗೆ 17.50 ಲಕ್ಷ ಯೂನಿಟ್ ಹಿಡಿದು ಬೆಲೆ ಹೇಳಿ ಎಂದು ಬರೆದು ಕಳಿಸಿದ್ದೇವೆ. ಸಾಲಕ್ಕೆ 16.60 ಹಿಡಿಯಬೇಕೋ, ಇನ್ನೂ ಕೆಳಗೋ ಎಂದು ಮಾವ ಇನ್ನೂ ತೀರ್ಮಾನ ಮಾಡಿಲ್ಲ.

ಯಲ್ಲಮ್ಮನಗುಡ್ಡದ ಮೆಕ್ಯಾನಿಕ್

ಹೋದ ದಿನ ಉಳಿದ ಮೂರು ಗೇರ್‌ಬಾಕ್ಸ್‌ಗಳ ಎಣ್ಣೆಯ ಸ್ಯಾಂಪಲ್ ತೆಗೆಯಲು ಒಪ್ಪುತ್ತಾರಾ ಎಂದು ಕೇಳಿ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಹೊಳೆಯುತ್ತಿದ್ದರೆ ನನಗೆ ಫೋಟೋ ಹಾಕಿ.